ಬಡ್ಡಿಯಿಲ್ಲದ ಕಂತಿನಲ್ಲಿ ಬಡ್ಡಿ ಎಲ್ಲಿದೆ?

ಮೊಬೈಲ್ ಫೋನಿನ ಅಂಗಡಿಗಳ ಗಾಜಿನ ಮೇಲೆ, ದಸರಾ ದೀಪಾವಳಿಗಳ ಕಾಲದಲ್ಲಂತೂ ತಪ್ಪದೆ, ಕಾಣಿಸಿಕೊಳ್ಳುವ ಜಾಹೀರಾತೊಂದನ್ನು ವಾಚಕರೆಲ್ಲರೂ ಬಲ್ಲರು. ಫೋನಿನ ಬೆಲೆ 24,000 ರೂಪಾಯಿ. ತಿಂಗಳಿಗೆ 2,000 ರೂಪಾಯಿಯಂತೆ ಹನ್ನೆರಡು ಕಂತುಗಳಲ್ಲಿ ಅದನ್ನು ತೀರಿಸಬಹುದು. ಬಡ್ಡಿಯಿಲ್ಲ, ಇದು ‘ನೋ ಕಾಸ್ಟ್ ಇಎಂಐ’, ಎಂದರೆ ಖರ್ಚಿಲ್ಲದ ಮಾಸಿಕ ಕಂತು. ಎರಡು ಸಾವಿರವನ್ನು ಹನ್ನೆರಡರಿಂದ ಗುಣಿಸಿದರೆ ಇಪ್ಪತ್ತನಾಲ್ಕು ಸಾವಿರವೇ ಬರುವುದರಿಂದ ಲೆಕ್ಕದಲ್ಲಿ ಎಲ್ಲಿಯೂ ಬಿರುಕು ಕಾಣದು. ಆದರೂ ಕೇಳಿದವರ ಮನಸ್ಸಿನಲ್ಲಿ ಒಂದು ಸಂಶಯ ಉಳಿದೇ ಉಳಿಯುತ್ತದೆ. ಹಣವನ್ನು ಒಂದು ವರ್ಷದ ಕಾಲ ಸಾಲವಾಗಿ ಕೊಟ್ಟು ಬಡ್ಡಿಯನ್ನು ಬೇಡವೆನ್ನುವ ಬ್ಯಾಂಕು ಲೋಕದಲ್ಲಿ ಉಂಟೆ? ಇಲ್ಲವಾದರೆ ಆ ಬಡ್ಡಿಯನ್ನು ಫೋನಿನ ಬೆಲೆಯೊಳಗೇ ಸೇರಿಸಿ ನಮ್ಮಿಂದಲೇ ವಸೂಲು ಮಾಡುತ್ತಿರುವರೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ‘ಎಲ್ಲವೂ ಮೋಸ’ ಎಂಬುದು ಒಂದು. ‘ಪುಕ್ಕಟೆ ಸಾಲ, ಬಿಡಬಾರದು’ ಎಂಬುದು ಇನ್ನೊಂದು. ಎರಡೂ ಅಳತೆ ಮಾಡದೆ ಆಡುವ ಮಾತುಗಳು. ಬಡ್ಡಿಯ ಎಷ್ಟು ಪಾಲು ಬೆಲೆಯಲ್ಲಿ ಅಡಗಿದೆಯೆಂಬುದನ್ನು ಶಾಖದ ಪ್ರಮಾಣವನ್ನೋ ವಿದ್ಯುತ್ತಿನ ಪ್ರಮಾಣವನ್ನೋ ಅಳೆಯುವಂತೆಯೇ ಅಳೆಯಬಹುದು. ಅದಕ್ಕೆ ಬೇಕಾದುದು ಪ್ರೌಢಶಾಲೆಯ ಗಣಿತ, ಮತ್ತು ಅಂಗಡಿಯವರನ್ನು ಕೇಳಬೇಕಾದ ಒಂದೇ ಒಂದು ಪ್ರಶ್ನೆ.

ಮೊದಲು ಬ್ಯಾಂಕಿನ ಕಡೆಯಿಂದ ನೋಡೋಣ. ವಿದ್ಯಾರ್ಥಿಯೊಬ್ಬನ ತಂದೆ ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಈ ಫೋನನ್ನು ಕೊಳ್ಳುತ್ತಾರೆಂದು ಇಟ್ಟುಕೊಳ್ಳೋಣ. ಕಾರ್ಡು ಕೊಟ್ಟ ಬ್ಯಾಂಕು ಕಂತಿನ ಸಾಲಕ್ಕೆ ವರ್ಷಕ್ಕೆ ಶೇಕಡಾ 15ರಂತೆ, ಎಂದರೆ ತಿಂಗಳಿಗೆ ಶೇಕಡಾ 1.25ರಂತೆ ಬಡ್ಡಿ ಹಾಕುತ್ತದೆ. ನಮ್ಮ ಫೋನಿಗಾಗಿ ಬ್ಯಾಂಕು ಈ ದರವನ್ನು ಬಿಟ್ಟುಕೊಡುವುದಿಲ್ಲ. ಅದು ತನ್ನ ಬಡ್ಡಿಯನ್ನು ಪೂರ್ತಿಯಾಗಿ ಪಡೆಯುತ್ತದೆ. ಈ ಮಾತನ್ನು ಮೊದಲು ದೃಢಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ಬ್ಯಾಂಕಿಗೆ ಮುಂದಿನ ಹನ್ನೆರಡು ತಿಂಗಳು ಎರಡೆರಡು ಸಾವಿರ ರೂಪಾಯಿ ಬರಲಿದೆ. ಆದರೆ ಮುಂದೆ ಬರುವ ರೂಪಾಯಿ ಇಂದಿನ ರೂಪಾಯಿಗಿಂತ ಚಿಕ್ಕದು. ಒಂದು ತಿಂಗಳ ಮೇಲೆ ಬರುವ 2,000 ರೂಪಾಯಿ ಇಂದು ಎಷ್ಟಕ್ಕೆ ಸಮ? ಇಂದು 1,975 ರೂಪಾಯಿ 31 ಪೈಸೆಯನ್ನು ಶೇಕಡಾ 1.25ರ ಬಡ್ಡಿಗೆ ಕೊಟ್ಟರೆ ತಿಂಗಳ ಕೊನೆಗೆ ಸರಿಯಾಗಿ 2,000 ಆಗುತ್ತದೆ. ಆದುದರಿಂದ ಮೊದಲನೆಯ ಕಂತಿನ ಇಂದಿನ ಬೆಲೆ 1,975.31. ಎರಡನೆಯ ಕಂತಿನದು ಇನ್ನೊಮ್ಮೆ 1.0125ರಿಂದ ಭಾಗಿಸಿದಾಗ ಬರುವ 1,950.92. ಹೀಗೆಯೇ ಇಳಿಯುತ್ತ ಹೋಗಿ ಹನ್ನೆರಡನೆಯ ಕಂತಿನ ಇಂದಿನ ಬೆಲೆ 1,723.02ಕ್ಕೆ ನಿಲ್ಲುತ್ತದೆ. ಈ ಹನ್ನೆರಡನ್ನೂ ಕೂಡಿಸಿದರೆ 22,158 ರೂಪಾಯಿ 62 ಪೈಸೆ. ಬ್ಯಾಂಕು ಈ ವ್ಯವಹಾರದಲ್ಲಿ ಅಂಗಡಿಗೆ ಕೊಡಲು ಒಪ್ಪುವ ಹಣ ಇಷ್ಟೇ. ಇದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಅದಕ್ಕೆ ಶೇಕಡಾ 15 ದಕ್ಕುವುದಿಲ್ಲ.

ಫೋನಿನ ಬೆಲೆ 24,000. ಬ್ಯಾಂಕು ಕೊಟ್ಟದ್ದು 22,158.62. ನಡುವೆ ಉಳಿದ 1,841 ರೂಪಾಯಿ 38 ಪೈಸೆಯನ್ನು ಅಂಗಡಿಯ ಬಿಲ್ಲಿನಲ್ಲಿ ‘ನೋ ಕಾಸ್ಟ್ ಇಎಂಐ ರಿಯಾಯಿತಿ’ ಎಂಬ ಹೆಸರಿನಲ್ಲಿ ಕಳೆದಿರುತ್ತಾರೆ. ಈ ರಿಯಾಯಿತಿಯು ಗ್ರಾಹಕನ ಕೈಗೆ ಬಾರದು. ಅದರಿಂದ ಅವನ ಸಾಲ 22,158.62ಕ್ಕೆ ಇಳಿಯುತ್ತದೆ, ಆ ಸಾಲದ ಮೇಲೆ ಬ್ಯಾಂಕು ವರ್ಷವಿಡೀ ಬಡ್ಡಿ ಹಾಕುತ್ತ ಹೋಗಿ ಕಡೆಗೆ ಸರಿಯಾಗಿ 1,841.38 ರೂಪಾಯಿಗಳನ್ನು ಮರಳಿ ಕೂಡಿಸುತ್ತದೆ. ಒಂದು ಕೈಯಿಂದ ಇಳಿಸಿದ್ದನ್ನು ಇನ್ನೊಂದು ಕೈಯಿಂದ ಏರಿಸಿದ ಮೇಲೆ ಮತ್ತೆ 24,000 ನಿಲ್ಲುತ್ತದೆ. ಬಡ್ಡಿ ಇಲ್ಲದೆ ಹೋಗಿಲ್ಲ. ಅದರಷ್ಟೇ ತೂಕದ ರಿಯಾಯಿತಿಯೊಂದನ್ನು ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಇಟ್ಟಿದ್ದಾರೆ, ಅಷ್ಟೆ.

ಇದನ್ನು ಊಹೆಯೆಂದು ಭಾವಿಸಬೇಕಾಗಿಲ್ಲ. ಕಾರ್ಡಿನ ತಿಂಗಳ ಬಿಲ್ಲನ್ನು ಬಿಡಿಸಿ ನೋಡಿದರೆ ಮೊದಲನೆಯ ಕಂತಿನ 2,000ದಲ್ಲಿ ಅಸಲು 1,723 ರೂಪಾಯಿ, ಬಡ್ಡಿ 277 ರೂಪಾಯಿ ಎಂದು ಬೇರೆ ಬೇರೆ ಬರೆದಿರುತ್ತದೆ. ಎರಡನೆಯ ತಿಂಗಳು ಬಡ್ಡಿ 255 ರೂಪಾಯಿಗೆ ಇಳಿಯುತ್ತದೆ. ಕೊನೆಯ ತಿಂಗಳು ಇಪ್ಪತ್ತೈದು ರೂಪಾಯಿಯೂ ಪೂರ್ತಿ ಇರದು. ‘ಬಡ್ಡಿಯಿಲ್ಲ’ ಎಂದು ನಂಬಿ ಕೊಂಡವರು ಮೊದಲನೆಯ ಬಿಲ್ಲಿನಲ್ಲಿ ‘ಬಡ್ಡಿ’ ಎಂಬ ಸಾಲನ್ನು ಕಂಡು ಬೆಚ್ಚಿಬಿದ್ದು ಬ್ಯಾಂಕಿನೊಡನೆ ಜಗಳಕ್ಕೆ ನಿಲ್ಲುವುದುಂಟು. ಬ್ಯಾಂಕಿನವರು ಹೇಳುವುದು ಸರಿಯೇ. ತಪ್ಪಿರುವುದು ಜಾಹೀರಾತಿನ ಪದದಲ್ಲಿ.

ಭಾರತೀಯ ರಿಸರ್ವ್ ಬ್ಯಾಂಕು ಈ ಪದದ ವಿಚಾರದಲ್ಲಿ ಎರಡು ಸಲ ಕೈಹಾಕಿದೆ. 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿಯೆಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದೂ, ಅಂಥ ಯೋಜನೆಗಳಲ್ಲಿ ಬಡ್ಡಿಯನ್ನು ಅನೇಕ ವೇಳೆ ಪ್ರಾಸೆಸಿಂಗ್ ಶುಲ್ಕದ ವೇಷದಲ್ಲಿ ಗ್ರಾಹಕನ ಮೇಲೆ ಹೊರಿಸಲಾಗುತ್ತಿದೆಯೆಂದೂ ಸ್ಪಷ್ಟವಾಗಿ ಹೇಳಿತು. 2022ರಲ್ಲಿ ಹೊರಡಿಸಿದ ಕ್ರೆಡಿಟ್ ಕಾರ್ಡುಗಳ ನಿರ್ದೇಶನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಖರೀದಿಯನ್ನು ಕಂತಿಗೆ ಬದಲಾಯಿಸುವ ಮುನ್ನವೇ ಅಸಲೆಷ್ಟು, ಬಡ್ಡಿಯೆಷ್ಟು, ಕಂತನ್ನು ‘ನೋ ಕಾಸ್ಟ್’ ಮಾಡುವುದಕ್ಕಾಗಿ ಕೊಟ್ಟ ರಿಯಾಯಿತಿಯೆಷ್ಟು ಎಂಬುದನ್ನು ಗ್ರಾಹಕನಿಗೆ ತೋರಿಸಬೇಕೆಂದೂ, ಬಿಲ್ಲಿನಲ್ಲಿಯೂ ಅವನ್ನು ಬೇರೆಯಾಗಿ ನಮೂದಿಸಬೇಕೆಂದೂ ವಿಧಿಸಿತು. ಮೇಲೆ ಹೇಳಿದ ಮೂರು ಅಂಕಿಗಳನ್ನು ಹಣ ಕೊಡುವ ಮೊದಲೇ ಕೇಳಿ ನೋಡುವ ಹಕ್ಕು ಕಾರ್ಡುದಾರನಿಗೆ ಇದರಿಂದ ಬಂದಿದೆ.

ಬಿಲ್ಲಿನ ಅಂಚಿನಲ್ಲಿ ಉಳಿಯುವ ಹಣ

ಬಡ್ಡಿಗೂ ರಿಯಾಯಿತಿಗೂ ತೂಕ ಸರಿಹೋದರೂ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಸಾಮಾನ್ಯ ಸಾಲದ ಬಡ್ಡಿಗೆ ಜಿಎಸ್‌ಟಿ ತೆರಿಗೆ ಇಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಮಾತ್ರ ಶೇಕಡಾ 18ರಂತೆ ಇದೆ. ಅಂಗಡಿಯ ರಿಯಾಯಿತಿ ಬಡ್ಡಿಗೆ ಸಮನಾಗಿರುತ್ತದೆಯೇ ಹೊರತು ಬಡ್ಡಿಯ ಮೇಲಿನ ತೆರಿಗೆಯನ್ನು ಒಳಗೊಂಡಿರುವುದಿಲ್ಲ. ಆದುದರಿಂದ 1,841.38ಕ್ಕೆ ಶೇಕಡಾ 18ರಂತೆ 331 ರೂಪಾಯಿ 45 ಪೈಸೆಯನ್ನು ಗ್ರಾಹಕನೇ ಕೊಡಬೇಕು. ಇದರ ಮೇಲೆ ಬ್ಯಾಂಕಿನ ಪ್ರಾಸೆಸಿಂಗ್ ಶುಲ್ಕವಿದೆ. ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಮ್ಮ ಉದಾಹರಣೆಗೆ 199 ರೂಪಾಯಿ ಎಂದು ಹಿಡಿಯೋಣ. ತೆರಿಗೆ ಸೇರಿ ಅದು 234.82 ಆಗುತ್ತದೆ. ಎರಡೂ ಕೂಡಿ 566 ರೂಪಾಯಿ.

ಹೀಗೆ ಮೊದಲನೆಯ ತಿಂಗಳು ತಂದೆಗೆ ಬರುವ ಬಿಲ್ಲು ಜಾಹೀರಾತಿನ 2,000 ಅಲ್ಲ. ಕಂತು 2,000, ಆ ತಿಂಗಳ ಬಡ್ಡಿಯ ಮೇಲಿನ ತೆರಿಗೆ 50, ಶುಲ್ಕ 235, ಒಟ್ಟು 2,285 ರೂಪಾಯಿ. ಕೊನೆಯ ತಿಂಗಳ ಬಿಲ್ಲು 2,004. ‘ಖರ್ಚಿಲ್ಲದ’ ಕಂತಿನ ಕಣ್ಣಿಗೆ ಕಾಣುವ ಖರ್ಚು ಇದು.

566 ರೂಪಾಯಿ ಹೆಚ್ಚೋ ಕಡಿಮೆಯೋ? ಒಂಟಿಯಾಗಿ ನಿಂತ ಅಂಕಿಗೆ ಅರ್ಥವಿಲ್ಲ. ಅದು ಎಷ್ಟು ಸಾಲಕ್ಕೆ, ಎಷ್ಟು ಕಾಲಕ್ಕೆ ಕೊಟ್ಟ ಬೆಲೆಯೆಂದು ತಿಳಿಯಬೇಕು. ಇದಕ್ಕೆ ನಾವು ಒಂದು ಮಾನವನ್ನು ಬಳಸೋಣ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಿಲೋವ್ಯಾಟ್‌ಗಳನ್ನು ಗಂಟೆಗಳಿಂದ ಗುಣಿಸಿ ‘ಕಿಲೋವ್ಯಾಟ್-ಗಂಟೆ’ ಎನ್ನುತ್ತಾರೆ. ಕೂಲಿಯ ಲೆಕ್ಕದಲ್ಲಿ ಆಳುಗಳನ್ನು ದಿನಗಳಿಂದ ಗುಣಿಸಿ ‘ಆಳು-ದಿನ’ ಎನ್ನುತ್ತಾರೆ. ಹಾಗೆಯೇ ಸಾಲವನ್ನು ‘ರೂಪಾಯಿ-ತಿಂಗಳು’ಗಳಲ್ಲಿ ಅಳೆಯಬಹುದು. ಒಂದು ರೂಪಾಯಿ ನಮ್ಮ ಬಳಿ ಒಂದು ತಿಂಗಳು ಉಳಿದರೆ ಅದು ಒಂದು ರೂಪಾಯಿ-ತಿಂಗಳು.

ತಂದೆಯವರು ಫೋನನ್ನು ತಂದ ದಿನ 24,000 ರೂಪಾಯಿಯನ್ನು ಕೊಡದೆ ಉಳಿಸಿಕೊಂಡರು. ಅಷ್ಟು ಹಣ ಒಂದು ತಿಂಗಳು ಅವರಲ್ಲಿ ಇತ್ತು. ಮೊದಲನೆಯ ಕಂತಾದ ಮೇಲೆ 22,000, ಆಮೇಲೆ 20,000, ಹೀಗೆ ಇಳಿದು ಕೊನೆಯ ತಿಂಗಳು 2,000. ಇವನ್ನು ಕೂಡಿಸಲು ಕಷ್ಟವಿಲ್ಲ. ಮೊದಲಿನದನ್ನೂ ಕೊನೆಯದನ್ನೂ ಜೋಡಿ ಮಾಡಿದರೆ 26,000, ಅಂಥ ಜೋಡಿಗಳು ಆರು. ಒಟ್ಟು 1,56,000 ರೂಪಾಯಿ-ತಿಂಗಳು. ಈ ಸಾಲಕ್ಕೆ ತೆತ್ತ ಬೆಲೆ 566 ರೂಪಾಯಿ. ಭಾಗಿಸಿದರೆ ತಿಂಗಳಿಗೆ ನೂರಕ್ಕೆ 36 ಪೈಸೆ. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಶೇಕಡಾ 4.4ರಷ್ಟು.

ಇಲ್ಲಿ ಅನೇಕರು ಜಾರುವ ಒಂದು ಮೆಟ್ಟಿಲಿದೆ. ‘24,000ಕ್ಕೆ 566 ಎಂದರೆ ಶೇಕಡಾ 2.4 ತಾನೆ?’ ಎಂದು ಅವರು ಕೇಳುತ್ತಾರೆ. ವರ್ಷಪೂರ್ತಿ 24,000 ರೂಪಾಯಿ ನಮ್ಮ ಬಳಿ ಇದ್ದು ಕಡೆಗೆ ಒಮ್ಮೆಗೇ ಹಿಂದಿರುಗಿಸುವುದಾದರೆ ಆ ಮಾತು ನಿಜ. ಆದರೆ ಪ್ರತಿ ತಿಂಗಳೂ ಎರಡು ಸಾವಿರವನ್ನು ಕೊಟ್ಟುಬಿಡುತ್ತೇವಾದ್ದರಿಂದ ನಮ್ಮ ಬಳಿ ಸರಾಸರಿ ಉಳಿಯುವುದು ಹದಿಮೂರು ಸಾವಿರ ಮಾತ್ರ. ಸಾಲ ಅರ್ಧಕ್ಕೆ ಹತ್ತಿರವಾದಾಗ ದರ ಎರಡರಷ್ಟಕ್ಕೆ ಹತ್ತಿರವಾಗುತ್ತದೆ. ಬ್ಯಾಂಕಿನ ಬಡ್ಡಿಯನ್ನೇ ನೋಡಿ: 22,158ಕ್ಕೆ 1,841 ಎಂದರೆ ನೇರವಾದ ಭಾಗಾಕಾರದಲ್ಲಿ ಶೇಕಡಾ 8.3, ನಿಜವಾದ ದರ ಶೇಕಡಾ 15. ಕಂತಿನ ಸಾಲವನ್ನು ಮಾರುವವರು ಮೊದಲನೆಯ ಅಂಕಿಯನ್ನೇ ಹೇಳಲು ಇಷ್ಟಪಡುವುದು ಆಶ್ಚರ್ಯವಲ್ಲ.

ಈ ರೂಪಾಯಿ-ತಿಂಗಳ ಲೆಕ್ಕವನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬಹುದು:

ವಾರ್ಷಿಕ ಶೇಕಡಾ ದರ = 2400 × ಹೆಚ್ಚಾಗಿ ಕೊಟ್ಟ ಹಣ ÷ { ಒಮ್ಮೆಗೇ ಕೊಟ್ಟರೆ ಬೆಲೆ × (ಕಂತುಗಳ ಸಂಖ್ಯೆ + 1) }

ಇದು ಸ್ಥೂಲವಾದ ಸೂತ್ರ. ಸಾಲವು ಪ್ರತಿ ತಿಂಗಳೂ ಸಮನಾಗಿ ಇಳಿಯುತ್ತದೆಂದು ಇದರಲ್ಲಿ ಭಾವಿಸಲಾಗಿದೆ. ವಾಸ್ತವದಲ್ಲಿ ಮೊದಲ ತಿಂಗಳುಗಳಲ್ಲಿ ಅಸಲು ತುಸು ನಿಧಾನವಾಗಿ ಇಳಿಯುತ್ತದೆ. ಆದರೂ ಒಂದೆರಡು ವರ್ಷಗಳೊಳಗಿನ ಕಂತುಗಳಿಗೆ ಇದರ ಉತ್ತರ ನಂಬತಕ್ಕದ್ದೇ ಆಗಿದೆ. ಸೂತ್ರದಲ್ಲಿ ‘ಒಮ್ಮೆಗೇ ಕೊಟ್ಟರೆ ಬೆಲೆ’ ಎಂದು ಬರೆದಿರುವುದನ್ನು ವಾಚಕರು ಗಮನಿಸಬೇಕು. ‘ಜಾಹೀರಾತಿನ ಬೆಲೆ’ ಎಂದಿಲ್ಲ. ನಮ್ಮ ಮೂಲ ಪ್ರಶ್ನೆಯ ಉತ್ತರವೆಲ್ಲ ಈ ಒಂದು ಮಾತಿನಲ್ಲಿಯೇ ಇದೆ.

ಎರಡು ಬೆಲೆಗಳು

ಇದುವರೆಗೆ ಫೋನಿನ ಬೆಲೆ 24,000 ಎಂದು ನಾವು ಪ್ರಶ್ನಿಸದೆ ಒಪ್ಪಿಕೊಂಡೆವು. ಈಗ ಮಗನು ಅಂಗಡಿಯವರನ್ನು ಕೇಳುತ್ತಾನೆ:

“ಕಂತು ಬೇಡ ಅಣ್ಣ, ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?”

“ಈಗಲೇ ಕೊಡೋದಾದ್ರೆ ಒಂದೂವರೆ ಸಾವಿರ ಬಿಡ್ತೀನಿ. ಕಂತು ಅಂದ್ರೆ ಬಿಡೋಕಾಗಲ್ಲ.”

ಈ ಎರಡು ಮಾತುಗಳ ಸಂಭಾಷಣೆ ಜಾಹೀರಾತಿನ ಎಲ್ಲ ಅಕ್ಷರಗಳಿಗಿಂತಲೂ ಹೆಚ್ಚಿನ ವಿಷಯವನ್ನು ತಿಳಿಸಿತು. ಫೋನಿಗೆ ಎರಡು ಬೆಲೆಗಳಿವೆ. ಇಂದೇ ಹಣ ಕೊಡುವವನಿಗೆ 22,500, ಕಂತಿನವನಿಗೆ 24,000. ಕಂತನ್ನು ಆರಿಸಿದವನು 1,500 ರೂಪಾಯಿಯ ರಿಯಾಯಿತಿಯನ್ನು ಬಿಟ್ಟುಕೊಡುತ್ತಾನೆ. ಬಿಟ್ಟುಕೊಟ್ಟ ಹಣವೂ ಕೊಟ್ಟ ಹಣವೇ. ಹಾಗಾದರೆ ಅವನು ಹೆಚ್ಚಾಗಿ ತೆತ್ತದ್ದು 566 ಅಲ್ಲ. 1,500 ಕೂಡಿ 2,066 ರೂಪಾಯಿ. ಮೇಲಿನ ಸೂತ್ರಕ್ಕೆ ಇದನ್ನು ಹಾಕೋಣ: 2400 × 2,066ನ್ನು 22,500 × 13ರಿಂದ ಭಾಗಿಸಿದರೆ ಶೇಕಡಾ 17 ಎಂದು ಬರುತ್ತದೆ. ತಿಂಗಳು ತಿಂಗಳ ಕಂತುಗಳನ್ನು ಸರಿಯಾಗಿ ಹಿಂದಕ್ಕೆ ಎಣಿಸಿದರೆ ದೊರೆಯುವ ನಿಖರವಾದ ಉತ್ತರ ಶೇಕಡಾ 16.7ರಷ್ಟು. ಶೇಕಡಾ 4.4ರ ಸಾಲ ಒಂದೇ ಪ್ರಶ್ನೆಯಿಂದ ಶೇಕಡಾ 17ರ ಸಾಲವಾಯಿತು. ಫೋನು ಅದೇ, ಬ್ಯಾಂಕು ಅದೇ, ಕಂತೂ ಅದೇ.

ಈಗ ಬಡ್ಡಿಯ ಎಷ್ಟು ಪಾಲು ಬೆಲೆಯಲ್ಲಿ ಅಡಗಿತ್ತೆಂದು ಹೇಳಬಹುದು. ಬ್ಯಾಂಕಿನ ಬಡ್ಡಿ 1,841. ಗ್ರಾಹಕನು ಬೆಲೆಯ ಮೂಲಕ ಕೊಟ್ಟದ್ದು 1,500. ನೂರರಲ್ಲಿ ಎಂಬತ್ತೊಂದು ಪಾಲು ಅಡಗಿತ್ತು. ಉಳಿದ ಹತ್ತೊಂಬತ್ತು ಪಾಲನ್ನು, ಎಂದರೆ 341 ರೂಪಾಯಿಯನ್ನು, ಮಾರುವವರು ನಿಜವಾಗಿ ತಮ್ಮ ಕೈಯಿಂದ ಕೊಟ್ಟರು. ಒಮ್ಮೆಗೇ ಕೊಡುವವರಿಗೆ 1,841ನ್ನೇ ಬಿಡುತ್ತಿದ್ದರೆ ಬಡ್ಡಿ ಪೂರ್ತಿಯಾಗಿ ಬೆಲೆಯಲ್ಲಿಯೇ ಇತ್ತೆಂದು ಅರ್ಥ. ಆಗ ‘ನೋ ಕಾಸ್ಟ್’ ಕಂತಿಗೂ ಶೇಕಡಾ 15ರ ಸಾಮಾನ್ಯ ಕಂತಿಗೂ ಒಂದು ಪೈಸೆಯ ಅಂತರವೂ ಇರದು. ಏನನ್ನೂ ಬಿಡದಿದ್ದರೆ ಗ್ರಾಹಕನ ಮಟ್ಟಿಗೆ ಅಡಗಿದ ಬಡ್ಡಿ ಸೊನ್ನೆ. ಈ ಎರಡು ಕೊನೆಗಳ ನಡುವೆ ಮುಳ್ಳು ಎಲ್ಲಿ ನಿಲ್ಲುವುದೆಂಬುದನ್ನು ಪ್ರತಿಯೊಂದು ಫೋನಿಗೂ ಪ್ರತಿಯೊಂದು ಅಂಗಡಿಗೂ ಬೇರೆಯಾಗಿಯೇ ಅಳೆಯಬೇಕು. ‘ಬಡ್ಡಿ ಬೆಲೆಯಲ್ಲಿ ಅಡಗಿದೆಯೆ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವನ್ನು ಕೇಳುವುದು ‘ನೀರು ಬಿಸಿಯಾಗಿದೆಯೆ?’ ಎಂದು ಉಷ್ಣಮಾಪಕವಿಲ್ಲದೆ ವಾದಿಸಿದಂತೆ.

ಒಮ್ಮೆಗೇ ಕೊಡುವ ಬೆಲೆಯು ಯಾವಾಗಲೂ ಅಂಗಡಿಯವರ ಬಾಯಿಂದಲೇ ಬರಬೇಕೆಂದಿಲ್ಲ. ಅಂತರ್ಜಾಲದ ಮಾರಾಟಗಳಲ್ಲಿ ಅದು ಬೇರೆ ಬೇರೆ ವೇಷಗಳಲ್ಲಿರುತ್ತದೆ. ಒಂದು ಬ್ಯಾಂಕಿನ ಕಾರ್ಡಿನಿಂದ ಪೂರ್ತಿ ಹಣ ಕೊಟ್ಟರೆ ತಕ್ಷಣ ಇಷ್ಟು ಕಡಿತವೆಂದು ಬರೆದಿದ್ದು, ಕಂತನ್ನು ಒತ್ತಿದೊಡನೆಯೇ ಆ ಕಡಿತ ಮಾಯವಾಗಬಹುದು. ಅದೇ ಫೋನು ಇನ್ನೊಂದು ಕಡೆ, ಕಂತಿನ ಸೌಲಭ್ಯವಿಲ್ಲದೆ, ಕಡಿಮೆ ಬೆಲೆಗೆ ದೊರೆಯಬಹುದು. ಕಂತನ್ನು ಒತ್ತುವ ಮೊದಲು ಕೊನೆಯ ಪುಟದಲ್ಲಿ ನಿಂತ ಮೊತ್ತವನ್ನೂ ಒತ್ತಿದ ಮೇಲಿನ ಮೊತ್ತವನ್ನೂ ಒಂದು ಕಾಗದದಲ್ಲಿ ಬರೆದುಕೊಂಡರೆ ಸಾಕು. ವ್ಯತ್ಯಾಸ ಕಣ್ಣೆದುರಿಗೇ ಇರುತ್ತದೆ.

ಆದರೆ ಎಲ್ಲೆಲ್ಲಿ ಕೇಳಿದರೂ ಒಂದೇ ಬೆಲೆ, ಒಮ್ಮೆಗೇ ಕೊಟ್ಟರೂ ಬಿಡಿಗಾಸಿನ ರಿಯಾಯಿತಿಯಿಲ್ಲ, ಎಂಬ ಸಂದರ್ಭವೂ ಉಂಟು. ಆಗ ಆ 1,841 ರೂಪಾಯಿಯನ್ನು ಕೊಟ್ಟವರು ಯಾರು? ಫೋನಿನ ಕಂಪನಿಯೂ ಮಾರುವವರೂ ಅದನ್ನು ಹಂಚಿಕೊಂಡಿರುತ್ತಾರೆ. ಅವರಿಗೆ ಇದು ಜಾಹೀರಾತಿನ ಖರ್ಚಿನಂತೆ. ಒಮ್ಮೆಗೇ 24,000 ಕೊಡಲಾರದವನೂ 2,000 ಕೊಡಬಲ್ಲನಾದ್ದರಿಂದ ಮಾರಾಟ ಹೆಚ್ಚುತ್ತದೆ. ಹಳೆಯದಾಗುತ್ತಿರುವ ಮಾದರಿಯ ಬೆಲೆಯನ್ನು ಹೇಗೂ ಇಳಿಸಬೇಕಾಗಿದ್ದ ಕಂಪನಿ, ಆ ಇಳಿಕೆಯನ್ನೇ ಬಡ್ಡಿಯ ರೂಪದಲ್ಲಿ ಕೊಟ್ಟು ಮೇಲಿನ ಬೆಲೆಯ ಗೌರವವನ್ನು ಉಳಿಸಿಕೊಳ್ಳುವುದೂ ಉಂಟು. ಆದರೆ ಕಂಪನಿಯ ಖರ್ಚೆಲ್ಲವೂ ಕಡೆಗೆ ಹುಟ್ಟಬೇಕಾದದ್ದು ಮಾರಿದ ಫೋನುಗಳ ಬೆಲೆಯಿಂದಲೇ ಅಲ್ಲವೆ? ಬೆಲೆ ಎಲ್ಲರಿಗೂ ಒಂದೇ ಆಗಿರುವಾಗ ಈ ಖರ್ಚು ಎಲ್ಲ ಕೊಳ್ಳುವವರ ಮೇಲೂ ಹರಡಿಹೋಗುತ್ತದೆ. ಕಂತಿನವನ ಬಡ್ಡಿಯಲ್ಲಿ ಒಂದು ಪಾಲನ್ನು, ವರ್ಷಗಟ್ಟಲೆ ಉಳಿಸಿ ಒಮ್ಮೆಗೇ ಹಣ ಎಣಿಸಿದವನು ತನಗೆ ತಿಳಿಯದಂತೆಯೇ ಕೊಟ್ಟಿರುತ್ತಾನೆ. ಇಲ್ಲಿಯೂ ಬಡ್ಡಿ ಬೆಲೆಯೊಳಗಿದೆ ಎನ್ನುವುದು ನಿಜ. ಕಂತನ್ನು ನಿರಾಕರಿಸಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ ಎಂಬುದೂ ಅಷ್ಟೇ ನಿಜ. ಅಂಗಡಿಯ ಮುಂದೆ ನಿಂತು ಇದರ ಪ್ರಮಾಣವನ್ನು ಅಳೆಯಲು ನಮಗೆ ಸಾಧನವಿಲ್ಲ. ಎರಡು ಬೆಲೆಗಳ ವ್ಯತ್ಯಾಸವನ್ನು ಅಳೆಯಬಹುದು. ವ್ಯತ್ಯಾಸವೇ ಇಲ್ಲದಲ್ಲಿ ಅಳೆಯುವುದು ಏನನ್ನು?

ಇಂಥ ಸಂದರ್ಭದಲ್ಲಿ ಕಂತನ್ನು ತೆಗೆದುಕೊಳ್ಳುವುದು ಅವಿವೇಕವೇನೂ ಅಲ್ಲವೆಂದು ನಮ್ಮ ಅಭಿಪ್ರಾಯ. ಕೈಯಲ್ಲಿ 24,000 ಇದ್ದು, ಅದನ್ನು ವರ್ಷಕ್ಕೆ ಶೇಕಡಾ 6 ಬರುವ ಕಡೆ ಇಟ್ಟು, ತಿಂಗಳಿಗೆ ಎರಡು ಸಾವಿರದಂತೆ ತೆಗೆಯಲು ಸಾಧ್ಯವಾದರೆ 1,56,000 ರೂಪಾಯಿ-ತಿಂಗಳಿಗೆ 780 ರೂಪಾಯಿ ಬಡ್ಡಿ ಬರುತ್ತದೆ. 566ನ್ನು ಕಳೆದರೆ 214 ರೂಪಾಯಿ ಲಾಭ. ಹಣ ಶೇಕಡಾ 3ರ ಉಳಿತಾಯ ಖಾತೆಯಲ್ಲಿ ಮಲಗಿದ್ದರೆ ಬರುವುದು 390. ಆಗ 176 ರೂಪಾಯಿ ನಷ್ಟ. ಲಾಭವಾಗಲಿ ನಷ್ಟವಾಗಲಿ ಒಂದು ಪಠ್ಯಪುಸ್ತಕದ ಬೆಲೆಯ ಆಸುಪಾಸಿನದು. ಎರಡು ಬೆಲೆಗಳಿದ್ದ ಉದಾಹರಣೆಯಲ್ಲಿಯಾದರೋ ನಷ್ಟ ಸಾವಿರವನ್ನು ದಾಟುತ್ತದೆ. ಆದುದರಿಂದ ಚಿಂತಿಸಬೇಕಾದುದು ಶುಲ್ಕ, ತೆರಿಗೆಗಳ ಚಿಲ್ಲರೆಗಿಂತ ಹೆಚ್ಚಾಗಿ ಕೈಬಿಟ್ಟ ರಿಯಾಯಿತಿಯನ್ನು.

ಕಾರ್ಡಿಲ್ಲದವರ ಕಂತು

ಕ್ರೆಡಿಟ್ ಕಾರ್ಡಿಲ್ಲದ ಮನೆಗಳಿಗೆ ಅಂಗಡಿಯಲ್ಲಿಯೇ ಕುಳಿತಿರುವ ಹಣಕಾಸು ಕಂಪನಿಯ ಪ್ರತಿನಿಧಿ ಸಾಲ ಮಾಡಿಕೊಡುತ್ತಾರೆ. ಇಲ್ಲಿ ಒಳಗಿನ ವ್ಯವಸ್ಥೆ ಅದೇ. ಕಂಪನಿ ಅಂಗಡಿಗೆ ಬೆಲೆಗಿಂತ ಕಡಿಮೆ ಹಣ ಕೊಟ್ಟು ಗ್ರಾಹಕನಿಂದ ಪೂರ್ತಿ ಬೆಲೆಯನ್ನು ಕಂತಿನಲ್ಲಿ ಪಡೆಯುತ್ತದೆ. ಇದು ಕಾರ್ಡಿನ ಸಾಲವಲ್ಲವಾದ್ದರಿಂದ ಬಡ್ಡಿಯ ಮೇಲೆ ತೆರಿಗೆಯಿಲ್ಲ. ಆದರೆ ಇನ್ನೊಂದು ಸೂಕ್ಷ್ಮವಿದೆ. ಹನ್ನೆರಡು ಕಂತುಗಳಲ್ಲಿ ಮೂರನ್ನು ಮುಂಗಡವಾಗಿ ಅಂಗಡಿಯಲ್ಲಿಯೇ ಕಟ್ಟಬೇಕೆಂದು ಹೇಳುವುದುಂಟು. ಗ್ರಾಹಕನು ಇದನ್ನು ‘ಹೇಗೂ ಕೊಡಬೇಕಾದ ಹಣವೇ ತಾನೆ’ ಎಂದು ಒಪ್ಪುತ್ತಾನೆ. ರೂಪಾಯಿ-ತಿಂಗಳಿನಲ್ಲಿ ಅಳೆದು ನೋಡೋಣ. ಮೊದಲ ದಿನವೇ 6,000 ಹೋಗಿ ಸಾಲ 18,000ದಿಂದ ಆರಂಭವಾಗುತ್ತದೆ. ಒಂಬತ್ತು ತಿಂಗಳಲ್ಲಿ ತೀರುತ್ತದೆ. 18,000, 16,000 ಎಂದು ಇಳಿಯುತ್ತ 2,000ದವರೆಗೆ ಕೂಡಿಸಿದರೆ 90,000 ರೂಪಾಯಿ-ತಿಂಗಳು ಮಾತ್ರ. ಮುಂಗಡವಿಲ್ಲದಿದ್ದಾಗ 1,56,000 ಇತ್ತು. ‘ಹನ್ನೆರಡು ಕಂತಿನ ಸಾಲ’ ಎಂಬ ಹೆಸರು ಉಳಿದು ಸಾಲವು ಹತ್ತರಲ್ಲಿ ಆರು ಪಾಲಿಗಿಂತಲೂ ಕಡಿಮೆಯಾಯಿತು. ಶುಲ್ಕ ಎಲ್ಲ ಸೇರಿ 600 ರೂಪಾಯಿ ಆಗಿದ್ದರೆ, ದರ ವರ್ಷಕ್ಕೆ ಶೇಕಡಾ 8. ಮುಂಗಡವಿಲ್ಲದೆ ಅದೇ 600 ಕೊಟ್ಟಿದ್ದರೆ ಶೇಕಡಾ 4.6 ಆಗುತ್ತಿತ್ತು.

ಇಂಥ ಸಾಲಗಳ ವಿಷಯದಲ್ಲಿ ಗ್ರಾಹಕನಿಗೆ ಒಂದು ಅನುಕೂಲವಿದೆ. ರಿಸರ್ವ್ ಬ್ಯಾಂಕು 2024ರಲ್ಲಿ ಮಾಡಿದ ನಿಯಮದಂತೆ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಮುಖ್ಯ ವಿವರಗಳ ಪತ್ರವನ್ನು ಕೊಡಬೇಕು. ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರ ಅದರಲ್ಲಿ ಬರೆದಿರಬೇಕು. ಕ್ರೆಡಿಟ್ ಕಾರ್ಡಿನ ಬಾಕಿಗಳಿಗೆ ಈ ಪತ್ರದ ನಿಯಮ ಅನ್ವಯಿಸದು. ಅಲ್ಲಿ ಮೇಲೆ ಹೇಳಿದ ಅಸಲು, ಬಡ್ಡಿ, ರಿಯಾಯಿತಿಗಳ ವಿವರವನ್ನೇ ನೋಡಬೇಕು. ಆದರೆ ಪತ್ರದಲ್ಲಿ ಬರೆದ ದರವೂ ಜಾಹೀರಾತಿನ ಬೆಲೆಯನ್ನೇ ಆಧಾರವಾಗಿಟ್ಟುಕೊಂಡದ್ದು. ಅಂಗಡಿಯವರು ಒಮ್ಮೆಗೇ ಕೊಡುವವರಿಗೆ ಬಿಡುತ್ತಿದ್ದ ಒಂದೂವರೆ ಸಾವಿರ ಸಾಲ ಕೊಟ್ಟವರಿಗೆ ಗೊತ್ತಿಲ್ಲ. ಅದನ್ನು ಸೇರಿಸಿ ಎಣಿಸುವ ಕೆಲಸ ಗ್ರಾಹಕನದೇ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಹನ್ನೆರಡು ಕಂತುಗಳೂ ಹೊತ್ತಿಗೆ ಸರಿಯಾಗಿ ಸಂದಾಯವಾಗುತ್ತವೆಂಬ ನಂಬಿಕೆಯ ಮೇಲೆ ನಿಂತಿದೆ. ಕಾರ್ಡಿನ ಬಿಲ್ಲನ್ನು ಒಂದು ತಿಂಗಳು ಪೂರ್ತಿಯಾಗಿ ಕಟ್ಟದೆ ‘ಕನಿಷ್ಠ ಮೊತ್ತ’ವನ್ನು ಮಾತ್ರ ಕಟ್ಟಿದರೆ ಉಳಿದ ಬಾಕಿಗೆ ಅನ್ವಯಿಸುವುದು ಕಂತಿನ ಶೇಕಡಾ 15 ಅಲ್ಲ, ಕಾರ್ಡಿನ ಸಾಮಾನ್ಯ ಬಡ್ಡಿ. ಹಲವು ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇಕಡಾ 3.5ರ ಆಸುಪಾಸಿನಲ್ಲಿದೆ, ಎಂದರೆ ವರ್ಷಕ್ಕೆ ಶೇಕಡಾ 42. ಜೊತೆಗೆ, ಹಿಂದಿನ ಬಾಕಿ ತೀರುವವರೆಗೆ ಹೊಸದಾಗಿ ಕೊಂಡ ದಿನಸಿಗೂ ಬಟ್ಟೆಗೂ ಕೊಂಡ ದಿನದಿಂದಲೇ ಬಡ್ಡಿ ಏರತೊಡಗುತ್ತದೆ. ಫೋನನ್ನು ಹಿಂದಿರುಗಿಸಿದಾಗ ಅಥವಾ ಕಂತನ್ನು ನಡುವೆ ಮುರಿದಾಗ, ಆಗಲೇ ವಸೂಲಾದ ಬಡ್ಡಿಯೂ ತೆರಿಗೆಯೂ ಶುಲ್ಕವೂ ಮರಳಿ ಬರುತ್ತವೆಯೆಂದು ಎಣಿಸಿಕೊಳ್ಳಬಾರದು. ಅದರ ಷರತ್ತುಗಳನ್ನು ಆಯಾ ಬ್ಯಾಂಕಿನವರಿಂದಲೇ, ಕಂತಿಗೆ ಒಪ್ಪಿಗೆ ಕೊಡುವ ಮೊದಲು, ಕೇಳಿ ತಿಳಿದುಕೊಳ್ಳತಕ್ಕದ್ದು.